ಪ್ಯಾನಲ್ ಮೇಲಿನ ಟವೆಲ್

ಬುಧವಾರ ಮಧ್ಯಾಹ್ನ ರಾಘಣ್ಣ ನನ್ನನ್ನು ಆಫೀಸಿಗೆ ಕರೆಸಿದರು. ಮೇಜಿನ ಮೇಲೆ ನೋಟಿಸಿನ ಎರಡು ಪ್ರತಿಗಳಿದ್ದವು. ಒಂದು ನನಗೆ, ಇನ್ನೊಂದು ನಾನು ಸಹಿ ಹಾಕಿ ವಾಪಸು ಕೊಡಲು. ಸಿರುಗುಪ್ಪದ ಆ ರೈಸ್‌ಮಿಲ್ಲಿನಲ್ಲಿ ಅವರು ಇಪ್ಪತ್ತೆರಡು ವರ್ಷದಿಂದ ಮ್ಯಾನೇಜರು, ನಾನು ನಾಲ್ಕು ವರ್ಷದಿಂದ ಹಗಲು ಪಾಳಿಯ ಸೂಪರ್‌ವೈಸರ್. ಅಷ್ಟು ದಿನಗಳಲ್ಲಿ ಅವರು ನನಗೆ ಕೂತುಕೋ ಎಂದು ಹೇಳದ ಮೊದಲ ಸಲ ಅದು.

ನಿಂತೇ ಓದಿದೆ. ಸೋಮವಾರ ಮಧ್ಯಾಹ್ನ 3.10ಕ್ಕೆ ಒಂದನೇ ನಂಬರಿನ ಎಲಿವೇಟರ್ ಚಾಲೂ ಮಾಡಿದಾಗ, ಅನುಮತಿ ಇಲ್ಲದೆ ಗುಂಡಿಗೆ ಇಳಿದಿದ್ದ ಕೂಲಿ ಕಾರ್ಮಿಕಳಾದ ಶ್ರೀಮತಿ ಹಂಪಕ್ಕ ಇವರ ಬಲಗೈಗೆ ತೀವ್ರ ಗಾಯವಾಗಿರುತ್ತದೆ. ಸದರಿ ಸಮಯದಲ್ಲಿ ಪಾಳಿಯ ಜವಾಬ್ದಾರಿ ನಿಮ್ಮದಾಗಿದ್ದು, ನಿಮ್ಮ ಮೇಲೆ ಶಿಸ್ತು ಕ್ರಮ ಏಕೆ ಜರುಗಿಸಬಾರದು ಎಂಬುದಕ್ಕೆ ಮೂರು ದಿನಗಳೊಳಗೆ ಲಿಖಿತ ಸಮಜಾಯಿಷಿ ಕೊಡತಕ್ಕದ್ದು. ತಪ್ಪಿದಲ್ಲಿ ನಿಮ್ಮದು ಹೇಳುವುದೇನೂ ಇಲ್ಲವೆಂದು ಭಾವಿಸಲಾಗುವುದು.

ನಾನು ಸಹಿ ಹಾಕಿದೆ. ಕೆಳಗೆ ತಾರೀಕು ಹಾಕುವಾಗ ಇಂದು ಎಷ್ಟು ಎಂದು ರಾಘಣ್ಣನವರನ್ನು ಕೇಳಬೇಕಾಯಿತು.

ಆಗ ಅವರು ಬಾಗಿಲ ಕಡೆ ನೋಡಿ ದನಿ ಇಳಿಸಿದರು. ಕಾರ್ಖಾನೆ ಇಲಾಖೆಗೆ ಅಪಘಾತದ ವರದಿ ಹೋಗಿದೆ, ಬರುವ ಸೋಮವಾರ ಇನ್‌ಸ್ಪೆಕ್ಟರ್ ಬರುತ್ತಾರೆ, ನಿನ್ನ ಉತ್ತರವೂ ಅದೇ ಫೈಲಿನಲ್ಲಿ ಇರುತ್ತದೆ ಎಂದರು. ನೋಟಿಸಿನಲ್ಲೇ ದಾರಿ ಬಿಟ್ಟಿದ್ದೇನೆ ಎಂದರು. ಎರಡನೇ ಸಾಲಿನ ಮೇಲೆ ಅವರ ಬೆರಳು ಇತ್ತು. ಅನುಮತಿ ಇಲ್ಲದೆ ಗುಂಡಿಗೆ ಇಳಿದಿದ್ದ.

"ಇದನ್ನ ಒಪ್ಪಿ ನಾಕು ಸಾಲು ಬರೀ ಸಾಕು, ವಿರೂಪಾಕ್ಷಿ. ನಿನಗ ಒಂದು ಎಚ್ಚರಿಕೆ ಪತ್ರ ಕೊಟ್ಟು ಮುಗಸ್ತೀನಿ."

ಆಕೆಗೆ ಏನಾಗುತ್ತದೆ ಎಂದು ಕೇಳಿದೆ. ಆಸ್ಪತ್ರೆ ನೋಡಿಕೊಳ್ಳುತ್ತೇವಲ್ಲ ಎಂದರು. ಪರಿಹಾರದ ಅರ್ಜಿ ಹಾಕಿದರೆ ಎಂದೆ. ತಪ್ಪು ಆಕೆಯದು ಎಂದು ಕಾಗದದಲ್ಲಿ ಇದ್ದರೆ ವಕೀಲರು ವಾದ ಮಾಡುತ್ತಾರೆ, ಅದು ವರ್ಷಗಟ್ಟಲೆ ನಡೆಯುತ್ತದೆ, ಅದು ನಿನಗೆ ಯಾಕೆ ಎಂದರು. ಅವರು ಕ್ರೂರಿಯಲ್ಲ. ಸೋಮವಾರ ಹಂಪಕ್ಕನ ಕೈಗೆ ತಮ್ಮ ಪಂಚೆಯನ್ನೇ ಹರಿದು ಕಟ್ಟಿದವರು ಅವರು.

ಎಲಿವೇಟರ್ ಅಂದರೆ ನೆಲ್ಲನ್ನು ಮೇಲಕ್ಕೆ ಒಯ್ಯುವ ಪಟ್ಟಿ. ಪಟ್ಟಿಗೆ ಸಾಲಾಗಿ ತಗಡಿನ ಬಟ್ಟಲುಗಳು. ಅವು ನೆಲದ ಕೆಳಗಿನ ಗುಂಡಿಯಿಂದ ನೆಲ್ಲು ತುಂಬಿಕೊಂಡು ಮೂರನೇ ಅಂತಸ್ತಿಗೆ ಏರುತ್ತವೆ. ನೆಲ್ಲು ಹಸಿಯಿದ್ದರೆ ಬುಡದಲ್ಲಿ ಗಟ್ಟಿಯಾಗಿ ಪಟ್ಟಿ ನಿಲ್ಲುತ್ತದೆ. ಆಗ ಸ್ವಿಚ್ ಇಳಿಸಿ, ಒಬ್ಬ ಗುಂಡಿಗೆ ಇಳಿದು, ಬುಡದ ಸಣ್ಣ ಬಾಗಿಲು ತೆಗೆದು ಕೈಯಿಂದ ಬಾಚಿ ಹಾಕಬೇಕು. ಸ್ವಿಚ್ ಇರುವ ಪ್ಯಾನಲ್ ಗೋಡೆಯ ಈಚೆಗೆ, ಗುಂಡಿ ಆಚೆಗೆ. ಪ್ಯಾನಲ್ ಮುಂದೆ ನಿಂತವನಿಗೆ ಗುಂಡಿ ಕಾಣುವುದಿಲ್ಲ.

ಅದಕ್ಕೆ ನಮ್ಮ ಮಿಲ್ಲಿನಲ್ಲಿ ಒಂದು ರೂಢಿ. ಗುಂಡಿಗೆ ಇಳಿಯುವವನು ಹೆಗಲ ಮೇಲಿನ ಟವೆಲ್ಲನ್ನು ಪ್ಯಾನಲ್ಲಿನ ಸ್ವಿಚ್ಚಿನ ಹಿಡಿಕೆಗೆ ನೇತುಹಾಕಿ ಇಳಿಯುತ್ತಾನೆ. ಟವೆಲ್ ಇರುವವರೆಗೆ ಯಾರೂ ಹಿಡಿಕೆ ಮುಟ್ಟುವುದಿಲ್ಲ. ಇಬ್ಬರು ಇಳಿದರೆ ಎರಡು ಟವೆಲ್. ನಾನು ಸೇರುವ ಮೊದಲಿನಿಂದಲೂ ಹಾಗೆಯೇ, ಯಾರಿಗೂ ಏನೂ ಆಗಿರಲಿಲ್ಲ.

ಸೋಮವಾರ ಎರ್ರೆಪ್ಪ ಇಳಿದಿದ್ದ. ಎಲಿವೇಟರಿನ ಕೆಲಸ ಅವನದು. ಮೂರು ಗಂಟೆ ಆದಮೇಲೆ ನಾನು ಡ್ರೈಯರ್ ಕಡೆಯಿಂದ ಬಂದೆ. ಹಿಡಿಕೆ ಖಾಲಿ ಇತ್ತು. ಎರ್ರೆಪ್ಪ ನೀರಿನ ಹರವಿಯ ಹತ್ತಿರ ನಿಂತು ಮುಖ ಒರೆಸಿಕೊಳ್ಳುತ್ತಿದ್ದ. ಹಿಡಿಕೆ ಏರಿಸಿ ಹಸಿರು ಬಟನ್ ಒತ್ತಿದೆ. ಪಟ್ಟಿ ಚಲಿಸಿತು, ಒಮ್ಮೆ ತಡವರಿಸಿತು, ಮತ್ತೆ ಚಲಿಸಿತು. ಕೂಗು ಕೇಳಿಸಲಿಲ್ಲ. ಆ ತಡವರಿಕೆ ಯಾಕೋ ಸರಿ ಅನ್ನಿಸದೆ ಕೆಂಪು ಒತ್ತಿದೆ. ಮೋಟಾರಿನ ಸದ್ದು ಪೂರ್ತಿ ಇಳಿದಮೇಲೆಯೇ ಆಚೆಯಿಂದ ಹಂಪಕ್ಕನ ಉಸಿರು ಕೇಳಿಸಿದ್ದು.

ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಊಟಕ್ಕೆ ಕೂತರೆ ಎದ್ದು ಹೋಗಿ ನಲ್ಲಿ ನಿಲ್ಲಿಸಿದ್ದೇನೆಯೇ ಎಂದು ನೋಡುತ್ತಿದ್ದೆ. ಬೀಗ ಹಾಕಿದ ರೂಮಿಗೆ ಅರ್ಧ ದಾರಿಯಿಂದ ವಾಪಸು ಹೋಗುತ್ತಿದ್ದೆ.

ನೋಟಿಸ್ ಮಡಚಿಕೊಂಡು ಗೇಟಿನ ಹೊರಗೆ ಬಂದಾಗ ಚಾದಂಗಡಿಯ ಬೆಂಚಿನ ಮೇಲೆ ಎರ್ರೆಪ್ಪ ಕಾಯುತ್ತಿದ್ದ. ಐವತ್ತರ ಮೇಲಿನ ಆಳು, ಮಾತು ಕಡಿಮೆ. ನನ್ನನ್ನು ನೋಡಿ ಎದ್ದು ನಿಂತ. ಚಾ ಹೇಳಿದೆ, ಕುಡಿಯಲಿಲ್ಲ.

"ನನ್ನ ಹೆಸರು ಬರೀತೀರೇನ್ರಿ ಸಾರ್?"

ಗೊತ್ತಿಲ್ಲ ಎಂದೆ. ಅವನು ನೆಲ ನೋಡುತ್ತ ಹೇಳಿದ: "ನಾ ಮ್ಯಾಲ ಬಂದಿದ್ದೆ. ಬೆವರು ಕಣ್ಣಾಗ ಇಳೀಲಿಕ್ಕತ್ತಿತ್ತು. ಒರಸ್ಕೊಳ್ಳಾಕ ಟವೆಲ್ ತಗೊಂಡೆ. ಅಷ್ಟಾ."

ಮಗಳ ಮದುವೆ ಗೊತ್ತಾಗಿದೆ, ಪೊಲೀಸು ಗಿಲೀಸು ಅಂದರೆ ಬೀಗರು ಹಿಂದೆ ಸರಿಯುತ್ತಾರೆ, ನನ್ನದೊಂದು ಬಿಟ್ಟುಬಿಡಿ ಎಂದ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ನನ್ನ ಚಾ ಕೂಡ ಆರಿಹೋಯಿತು.

ಎರಡು ದಿನ ರಜೆ ಹಾಕಿ ಗುರುವಾರ, ಹಂಪಕ್ಕ ಇದ್ದ ಆಸ್ಪತ್ರೆಗೆಂದು ಬಳ್ಳಾರಿ ಬಸ್ಸು ಹತ್ತಿದೆ. ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತು ಮನಸ್ಸಿನಲ್ಲೇ ಉತ್ತರ ಬರೆಯತೊಡಗಿದೆ. ತೆಕ್ಕಲಕೋಟೆ ಬರುವ ಹೊತ್ತಿಗೆ ಮೂರು ಥರ ಬರೆದಿದ್ದೆ. ಮೂರರಲ್ಲೂ ನಾನು ಒಳ್ಳೆಯವನಾಗಿದ್ದೆ. ಮೊದಲನೆಯದರಲ್ಲಿ ರೂಢಿಯ ತಪ್ಪು, ಎರಡನೆಯದರಲ್ಲಿ ಎರ್ರೆಪ್ಪನದು, ಮೂರನೆಯದರಲ್ಲಿ ಹಸಿ ನೆಲ್ಲು ಇಳಿಸಿಕೊಂಡ ಮಿಲ್ ಮಾಲೀಕ ಸಾವ್ಕಾರರದು. ಯಾವುದೂ ಪೂರ್ತಿ ಸುಳ್ಳಲ್ಲ. ಅದೇ ನನ್ನನ್ನು ಕಾಡಿದ್ದು.

ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಹಂಪಕ್ಕ ಗೋಡೆ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ಬಲಗೈ ಮೊಣಕೈವರೆಗೆ ಬ್ಯಾಂಡೇಜು. ಎರಡು ಬೆರಳು ಹೋಗಿದ್ದವು, ಮುಂಗೈ ಎಲುಬಿಗೆ ರಾಡು ಹಾಕಿದ್ದರು. ಆಕೆಯ ಅಕ್ಕ ಪಕ್ಕೀರಮ್ಮ ಎಡಗಡೆ ಕೂತು ಮೂಸಂಬಿ ಸುಲಿಯುತ್ತಿದ್ದಳು. ನಾನು ಮಂಚದ ಕಾಲಬಳಿ ನಿಂತೆ.

"ಕುಂದರ್ರಿ ಸಾರ್," ಎಂದಳು ಹಂಪಕ್ಕ. "ನೀವು ನಿಂತ್ರ ನನಗ ಪಾಳಿ ನೆಪ್ಪಾಗ್ತೈತಿ."

ಪಕ್ಕೀರಮ್ಮ ನಗಲಿಲ್ಲ. ಸಿಪ್ಪೆಯನ್ನು ಮಡಿಲಿಗೆ ಹಾಕಿಕೊಂಡು, ಏನು ಸಹಿ ಹಾಕಿಸಿಕೊಳ್ಳಲು ಬಂದಿರಿ ಎಂದು ಕೇಳಿದಳು. ಏನೂ ಇಲ್ಲ, ತಿಳಿದುಕೊಳ್ಳಲು ಬಂದೆ ಎಂದೆ. ನನ್ನ ಖಾಲಿ ಕೈಗಳನ್ನು ನೋಡಿ ಆಕೆ ಸ್ವಲ್ಪ ಸರಿದು ಕೂತಳು.

ಏನಾಯಿತು ಎಂದು ಕೇಳಿದೆ. ಹಂಪಕ್ಕ ಹೇಳಿದಳು. ಎರ್ರೆಪ್ಪ ಬಾಗಿಲು ತೆಗೆದು ಬಾಚಿ ಹಾಕಿದ ನೆಲ್ಲನ್ನು ಬುಟ್ಟಿಗೆ ತುಂಬಲು ತಾನು ಇಳಿದದ್ದು, ಅವನು ಮೇಲೆ ಹೋದಮೇಲೂ ಬುಡದಲ್ಲಿ ಎರಡು ಹಿಡಿ ಉಳಿದಿತ್ತು, ಕೈ ಹಾಕಿ ತೆಗೆಯುತ್ತಿದ್ದಳಂತೆ. ಪ್ರತಿ ಸಲ ಹಾಗೆಯೇ ಅಂತೆ. ಆರು ವರ್ಷದಿಂದ.

ನಾನು ಕೇಳಬೇಕಾಗಿದ್ದ ಪ್ರಶ್ನೆಯನ್ನು ಆಗ ಕೇಳಿದೆ. ಇಳಿಯುವ ಮುಂಚೆ ಯಾರಿಗಾದರೂ ಹೇಳಿದ್ದೆಯಾ?

"ಯಾರಿಗೆ ಹೇಳ್ಬೇಕ್ರಿ? ಎರ್ರೆಪ್ಪನ ಟವೆಲ್ ಇತ್ತಲ್ಲ."

"ನಿಂದು?"

ಆಕೆ ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ. "ನಾವೇನ್ ಟವೆಲ್ ಹೊದ್ಕೊಂತೀವೇನ್ರಿ? ಹೆಣ್ಮಕ್ಕಳು ಗಂಡಾಳಿನ ಟವೆಲ್‌ನಾಗ ಇಳೀತೀವಿ. ಸೆರಗು ಬಿಚ್ಚಿ ಹಾಕ್ಬೇಕಿತ್ತೇನು?"

ಪಕ್ಕೀರಮ್ಮ ಆಗ ನಕ್ಕಳು. ನಕ್ಕು ಮುಖ ತಿರುಗಿಸಿ ಕಣ್ಣು ಒರೆಸಿಕೊಂಡಳು.

ನಾಲ್ಕು ವರ್ಷ ನಾನು ಆ ಹಿಡಿಕೆಯ ಮೇಲೆ ಟವೆಲ್ ಎಣಿಸಿದ್ದೆ. ಗುಡಿಸುವ ಹೆಂಗಸರು ಹನ್ನೊಂದು ಜನ. ಅವರು ಬುಟ್ಟಿ ಹಿಡಿದು ಗುಂಡಿಗೆ ಇಳಿಯುವುದನ್ನು ನೂರು ಸಲವಾದರೂ ನೋಡಿದ್ದೇನೆ. ಎಣಿಕೆಯಲ್ಲಿ ಅವರು ಎಲ್ಲಿ ಬರುತ್ತಾರೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಅದನ್ನು ಆಕೆಗೆ ಹೇಳಬೇಕು ಅನ್ನಿಸಿತು. ಹೇಳಿದರೆ ಆಕೆ ನನ್ನನ್ನು ಸಮಾಧಾನ ಮಾಡಬೇಕಾಗುತ್ತದೆ ಎಂದು ಸುಮ್ಮನಾದೆ. ಪಕ್ಕೀರಮ್ಮ ನನಗೂ ಎರಡು ತೊಳೆ ಮೂಸಂಬಿ ಕೊಟ್ಟಳು. ಕೈಯಲ್ಲಿ ಹಿಡಿದುಕೊಂಡೇ ಕೂತೆ.

ಹೊರಡುವಾಗ ಹಂಪಕ್ಕ ಒಂದೇ ಮಾತು ಕೇಳಿದಳು. ತಾನೇ ಹೇಳದೆ ಕೇಳದೆ ಇಳಿದಳು ಎಂದು ಮಿಲ್ಲಿನಲ್ಲಿ ಬರೆಯುತ್ತಿದ್ದಾರಂತೆ, ಖರೆಯೇ ಎಂದು. ಯಾರು ಹೇಳಿದರು ಎಂದೆ. ಜೊತೆಯವರು ಫೋನ್ ಮಾಡಿದ್ದರಂತೆ. ಬರೆಯುವವನು ನಾನು ಎಂದು ಹೇಳಿದೆ. ಆಕೆ ತಲೆಯಾಡಿಸಿದಳು, ಮುಂದೆ ಏನೂ ಕೇಳಲಿಲ್ಲ. ಕೇಳಿದ್ದರೆ ಹಗುರಾಗುತ್ತಿತ್ತು.

ಅಲ್ಲಿಂದ ಕುರುಗೋಡಿಗೆ ಹೋದೆ. ಮನೆ ಅಲ್ಲಿದೆ. ಹೆಂಡತಿ ಸುಮಂಗಲಾ ಅಲ್ಲಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತಾಳೆ. ಶನಿವಾರ ಸಂಜೆ ಬರುವವನು ಗುರುವಾರ ಬಂದದ್ದು ನೋಡಿ, ಚಪ್ಪಲಿ ಬಿಡುವ ಮುಂಚೆಯೇ ನೋಟಿಸ್ ಎಲ್ಲಿ ಎಂದು ಕೈ ಚಾಚಿದಳು. ಊರಿಗೆ ಸುದ್ದಿ ಮುಟ್ಟಿತ್ತು.

ಆಕೆ ಎರಡು ಸಲ ಓದಿದಳು. ಹಂಪಕ್ಕ ಹೇಳಿದ್ದನ್ನು ನಾನು ಹೇಳಿದೆ. ಅದನ್ನೆಲ್ಲ ಬರೆಯಿರಿ, ಬರೆಯಲೇಬೇಕು ಎಂದಳು. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ಯಾರೂ ಎತ್ತದ ಇನ್ನೊಂದು ವಿಷಯ ಇತ್ತು. ಅಂಗಳದಲ್ಲಿ ಮೂರು ಸುತ್ತು ಹಾಕಿ ಬಂದು ಅದನ್ನೂ ಹೇಳಿದೆ.

ಐದು ತಿಂಗಳ ಹಿಂದೆ ಕಂಪನಿ ಹನ್ನೆರಡು ಬೀಗ, ಹನ್ನೆರಡು ಕೆಂಪು ಚೀಟಿ ತರಿಸಿತ್ತು. ಗುಂಡಿಗೆ ಇಳಿಯುವ ಪ್ರತಿಯೊಬ್ಬರೂ ಪ್ಯಾನಲ್ ಹಿಡಿಕೆಗೆ ತಮ್ಮದೊಂದು ಬೀಗ ಹಾಕಿ, ಹೆಸರಿನ ಚೀಟಿ ಕಟ್ಟಿ, ಕೀಲಿ ಜೇಬಿನಲ್ಲಿ ಇಟ್ಟುಕೊಂಡು ಇಳಿಯಬೇಕು. ಕೊನೆಯ ಬೀಗ ಬಿಚ್ಚುವವರೆಗೆ ಹಿಡಿಕೆ ಏರುವುದೇ ಇಲ್ಲ. ಪಡೆದುಕೊಂಡಿದ್ದೇನೆ ಎಂದು ಸ್ಟೋರಿನ ಪುಸ್ತಕದಲ್ಲಿ ಸಹಿ ಹಾಕಿದವನು ನಾನು. ಮೊದಲ ದಿನ ತೋರಿಸಿದಾಗ ಆಳುಗಳು ನಕ್ಕರು. ಕೀಲಿ ಮನೆಯಲ್ಲಿ ಬಿಟ್ಟು ಬಂದರೆ ಮಿಲ್ ಬಂದ್ ಮಾಡುತ್ತೀರಾ ಎಂದರು. ನಮ್ಮ ಟವೆಲ್ ಮೇಲೆ ನಂಬಿಕೆ ಇಲ್ಲವೇ ಎಂದರು. ಸುಗ್ಗಿಯ ನೆಲ್ಲು ಬರುತ್ತಿತ್ತು. ಆಮೇಲೆ ನೋಡೋಣ ಎಂದು ಡಬ್ಬಿಯನ್ನು ನನ್ನ ಡ್ರಾಯರಿನಲ್ಲಿ ಇಟ್ಟೆ. ಈಗಲೂ ಅಲ್ಲೇ ಇದೆ.

ಸುಮಂಗಲಾ ನೋಟಿಸನ್ನು ಮೂರನೇ ಸಲ ಓದಿದಳು. ಹೊರಗೆ ಬಳ್ಳಾರಿ ಬಸ್ಸು ಹಾರ್ನ್ ಹಾಕಿ ಹೋಯಿತು.

"ನೋಟಿಸ್‌ನಾಗ ಅದನ್ನ ಕೇಳಿಲ್ಲಲ್ರಿ," ಎಂದಳು ಕೊನೆಗೆ.

"ಕೇಳಿಲ್ಲ."

"ನೀವಾಗೇ ಬರದ್ರ ಅದರ ಮ್ಯಾಲೇ ತಗೀತಾರ."

ಗೊತ್ತು ಎಂದೆ. ಆಕೆ ಎದ್ದು ಅನ್ನಕ್ಕೆ ಇಡಲು ಹೋದಳು. ಅಡಿಗೆಮನೆಯಿಂದಲೇ, ಬೇರೆ ಕೆಲಸ ಸಿಗುವವರೆಗೆ ನನ್ನ ಸಂಬಳದಲ್ಲಿ ಹೇಗೋ ಆಗುತ್ತದೆ ಎಂದು ಹೇಳಿದಳು. ಅದು ಒಪ್ಪಿಗೆಯೋ ದೂರೋ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಶುಕ್ರವಾರ ಬೆಳಗ್ಗೆ ಆಕೆ ಶಾಲೆಗೆ ಹೋದಮೇಲೆ ಬರೆಯಲು ಕೂತೆ. ಮೊದಲ ಕಾಗದದಲ್ಲಿ "ದುರದೃಷ್ಟವಶಾತ್" ಎಂದು ಶುರುವಾಯಿತು. ಹರಿದೆ. ಎರಡನೆಯದರಲ್ಲಿ "ಕೆಲಸದ ಒತ್ತಡದಿಂದ" ಎಂದು ಬಂತು. ಒತ್ತಡ ಇದ್ದದ್ದು ನಿಜ. ಆದರೆ ಬೀಗ ಹಂಚಲು ಅರ್ಧ ಗಂಟೆ ಸಾಕಿತ್ತು. ಮೂರನೆಯದರಲ್ಲಿ ನನ್ನನ್ನು ನಾನೇ ಎಷ್ಟು ಬೈದುಕೊಂಡಿದ್ದೆನೆಂದರೆ ಹಂಪಕ್ಕ ಯಾರು, ಎಷ್ಟು ಹೊತ್ತಿಗೆ, ಎಲ್ಲಿ ಇದ್ದಳು ಎಂಬುದೇ ಅದರಲ್ಲಿ ಇರಲಿಲ್ಲ. ಅದನ್ನೂ ಹರಿದೆ. ಎರ್ರೆಪ್ಪನ ಸಾಲಿನಲ್ಲಿ ಒಂದು ಗಂಟೆ ಹೋಯಿತು. ಅವನನ್ನು ಬಿಟ್ಟರೆ ಹಿಡಿಕೆ ಖಾಲಿ ಹೇಗಾಯಿತು ಎಂಬುದು ತಿಳಿಯುವುದಿಲ್ಲ. ಬರೆದರೆ ಬೆರಳು ತೋರಿಸಿದ ಹಾಗೆ ಆಗುತ್ತದೆ. ಎದ್ದು ನೀರು ಕುಡಿದೆ, ಮತ್ತೆ ಕೂತೆ, ಮತ್ತೆ ಎದ್ದೆ. ಸಂಜೆ ಹೊತ್ತಿಗೆ ಒಂದೂವರೆ ಪುಟ ಉಳಿಯಿತು.

ಶನಿವಾರ ಮೂರು ಗಂಟೆಗೆ ಅದನ್ನು ರಾಘಣ್ಣನವರ ಮುಂದೆ ಇಟ್ಟೆ, ಎರಡು ಪ್ರತಿ. ಅವರು ಕನ್ನಡಕ ಏರಿಸಿಕೊಂಡು ತುಟಿ ಅಲ್ಲಾಡಿಸುತ್ತ ಓದಿದರು.

"ಸೋಮವಾರ ಮಧ್ಯಾಹ್ನ ಸುಮಾರು 2.50ಕ್ಕೆ ಒಂದನೇ ಎಲಿವೇಟರ್ ಹಸಿ ನೆಲ್ಲಿನಿಂದ ನಿಂತಿತು. ಶ್ರೀ ಎರ್ರೆಪ್ಪ ಸ್ವಿಚ್ ಇಳಿಸಿ, ಹಿಡಿಕೆಗೆ ತಮ್ಮ ಟವೆಲ್ ಹಾಕಿ ಗುಂಡಿಗೆ ಇಳಿದರು. ಬಾಚಿ ಹಾಕಿದ ನೆಲ್ಲು ತುಂಬಲು ಶ್ರೀಮತಿ ಹಂಪಕ್ಕ ಇಳಿದರು. ಇದು ಅವರ ದಿನನಿತ್ಯದ ಕೆಲಸ. ಇದಕ್ಕೆ ಪ್ರತ್ಯೇಕ ಅನುಮತಿ ಪಡೆಯುವ ಪದ್ಧತಿ ನನ್ನ ಪಾಳಿಯಲ್ಲಿ ಇರಲಿಲ್ಲ. ಆದ್ದರಿಂದ ಅವರು ಅನುಮತಿ ಇಲ್ಲದೆ ಇಳಿದರು ಎಂಬುದು ಸರಿಯಲ್ಲ. ಮಹಿಳೆಯರು ಒಳಗಿದ್ದಾರೆ ಎಂದು ತೋರಿಸುವ ಯಾವ ಗುರುತೂ ಟವೆಲ್ ಹಾಕುವ ರೂಢಿಯಲ್ಲಿ ಇರಲಿಲ್ಲ. ಇದನ್ನು ನಾನು ಗಮನಿಸಿರಲಿಲ್ಲ. ಶ್ರೀ ಎರ್ರೆಪ್ಪ ಮೇಲೆ ಬಂದು ಮುಖ ಒರೆಸಿಕೊಳ್ಳಲು ಟವೆಲ್ ತೆಗೆದುಕೊಂಡರು. ಟವೆಲ್ ತೆಗೆದರೆ ಅದರ ಒಡೆಯ ಹೊರಗಿದ್ದಾನೆ ಎಂದು ಅರ್ಥ; ಅವರು ಹೊರಗೇ ಇದ್ದರು. 3.10ಕ್ಕೆ ನಾನು ಹಿಡಿಕೆ ಖಾಲಿ ಇರುವುದನ್ನು ನೋಡಿ, ಗುಂಡಿಯನ್ನು ಹೋಗಿ ನೋಡದೆ, ಬುಡದ ಬಾಗಿಲು ಮುಚ್ಚಿದೆಯೇ ಎಂದು ಕೇಳದೆ, ಎಲಿವೇಟರ್ ಚಾಲೂ ಮಾಡಿದೆ. ಕಂಪನಿ ಕೊಟ್ಟ ಹನ್ನೆರಡು ಬೀಗ ಮತ್ತು ಚೀಟಿಗಳು ಐದು ತಿಂಗಳಿಂದ ನನ್ನ ಡ್ರಾಯರಿನಲ್ಲಿ ಇದ್ದವು. ನಾನು ಹಂಚಿರಲಿಲ್ಲ."

ಮುಂದೆ ಎರಡು ಸಾಲು: ಬೀಗಗಳನ್ನು ಗುಡಿಸುವ ಹೆಂಗಸರು ಸೇರಿ ಎಲ್ಲರಿಗೂ ಕೊಡಬೇಕು, ಪ್ಯಾನಲ್ಲನ್ನು ಗುಂಡಿ ಕಾಣುವ ಕಡೆಗೆ ಸರಿಸಬೇಕು ಎಂದು. ಆಮೇಲೆ ನನ್ನ ಸಹಿ.

ರಾಘಣ್ಣ ಕನ್ನಡಕ ತೆಗೆದರು. ಬೀಗದ ವಿಷಯ ಯಾರು ಕೇಳಿದ್ದರು ಎಂದರು. ಇನ್‌ಸ್ಪೆಕ್ಟರ್ ಇದನ್ನು ನೋಡಿದರೆ ನಿನ್ನ ಮೇಲಷ್ಟೇ ನಿಲ್ಲುವುದಿಲ್ಲ, ನೀನು ಹಂಚಿದೆಯೋ ಇಲ್ಲವೋ ಎಂದು ಐದು ತಿಂಗಳು ನೋಡದವನು ನಾನು, ನನ್ನನ್ನೂ ಕೇಳುತ್ತಾರೆ ಎಂದರು. ಅದನ್ನು ನಾನು ಬರೆದಿರಲಿಲ್ಲ.

ಅವರು ಡ್ರಾಯರ್ ತೆಗೆದು ಎರಡು ಟೈಪ್ ಮಾಡಿದ ಕಾಗದ ಹೊರಗಿಟ್ಟರು. ಒಂದು ಎಚ್ಚರಿಕೆ ಪತ್ರ. ಇನ್ನೊಂದು, ವಿಚಾರಣೆ ಮುಗಿಯುವವರೆಗೆ ಅಮಾನತು.

"ಈಗಲೂ ಟೈಮ್ ಅದ. ಬೀಗದ ಸಾಲು ತಗಿ. ಅನುಮತಿದು ಸುಮ್ಮನ ಬಿಡು. ಸಾವ್ಕಾರ್ರು ನಾಲ್ಕಕ್ಕ ಬರ್ತಾರ."

ನಾನು ಕಾಗದಕ್ಕೆ ಕೈ ಹಾಕಲಿಲ್ಲ. ಒಳಗೆ ಒಂದನೇ ಎಲಿವೇಟರ್ ನಿಂತೇ ಇತ್ತು, ಎರಡನೆಯದು ಓಡುತ್ತಿತ್ತು. ಅವರು ನನ್ನ ಮುಖ ನೋಡಿದರು, ಕಾಗದ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಆಮೇಲೆ ಬಂದ ಕಾಗದಗಳನ್ನು ನಮೂದಿಸುವ ಆವಕದ ಪುಸ್ತಕ ಎಳೆದುಕೊಂಡು ನಂಬರ್ ಬರೆದರು. ಎರಡೂ ಪ್ರತಿಗಳ ಮೇಲೆ ಸೀಲು ಒತ್ತಿ, ಒಂದನ್ನು ನನ್ನ ಕಡೆ ತಳ್ಳಿದರು.

"ನಂಬರ್ ಬಿದ್ದ ಕಾಗದ ಇನ್ನ ಯಾರಿಗೂ ತಗ್ಯಾಕ ಬರಂಗಿಲ್ಲ," ಎಂದರು. "ಸಾವ್ಕಾರ್ರಿಗೂ."

ನಾಲ್ಕು ಗಂಟೆಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು. ಎಚ್ಚರಿಕೆ ಪತ್ರವನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು. ಇನ್ನೊಂದರ ಮೇಲೆ ನಾನು ಸಹಿ ಹಾಕಿದೆ. ತಾರೀಕು ಈ ಸಲ ನೆನಪಿತ್ತು. ನನ್ನ ಡ್ರಾಯರಿನ ಕೀಲಿಯನ್ನು ಮೇಜಿನ ಮೇಲಿಟ್ಟೆ. ಡಬ್ಬಿ ಇದ್ದ ಹಾಗೆಯೇ ಇದೆ, ಇನ್‌ಸ್ಪೆಕ್ಟರ್ ಬರುವವರೆಗೆ ಮುಟ್ಟಬೇಡಿ ಎಂದೆ. ಅವರು ಹೂಂ ಎಂದರು.

ಹೊರಗೆ ಚಾದಂಗಡಿಯ ಬೆಂಚಿನ ಹತ್ತಿರ ಎರ್ರೆಪ್ಪ ನಿಂತಿದ್ದ. ಕೇಳುವ ಮೊದಲೇ ನಿನ್ನ ಹೆಸರು ಇದೆ ಎಂದೆ. ಅವನ ಮುಖ ಗಟ್ಟಿಯಾಯಿತು. ನೆಲ್ಲಿನ ಟ್ರ್ಯಾಕ್ಟರೊಂದು ಒಳಗೆ ತಿರುಗಿತು, ಧೂಳು ಎದ್ದಿತು.

"ಏನಂತ ಬರದೀರಿ? ಓದ್ರಿ."

ಬೆಂಚಿನ ಮೇಲೆ ಪಕ್ಕಪಕ್ಕ ಕೂತೆವು. ಮೊದಲಿನಿಂದ ಕೊನೆಯವರೆಗೆ ಓದಿದೆ. ಬೀಗದ ಸಾಲು ಬಂದಾಗ ಅವನು ನನ್ನ ಕಡೆ ತಿರುಗಿದ. ಮೊದಲ ದಿನ ಜೋರಾಗಿ ನಕ್ಕವರಲ್ಲಿ ಅವನೂ ಒಬ್ಬ. ಅದನ್ನು ನಾನು ಬರೆದಿರಲಿಲ್ಲ.

ಟವೆಲ್ಲಿನ ಸಾಲನ್ನು ಇನ್ನೊಮ್ಮೆ ಓದಿ ಎಂದ. ಓದಿದೆ. ಅವನು ಮೊಣಕಾಲುಗಳ ನಡುವೆ ಕೈ ಜೋಡಿಸಿಕೊಂಡು ಕೇಳಿದ.

"ಖರೆ ಐತಿ," ಎಂದ. "ಆದ್ರ ಒಂದು ಬಿಟ್ಟೀರಿ ಸಾರ್. ಆಕಿ ಇನ್ನಾ ಒಳಗದಾಳ ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ಟವೆಲ್ ತಗೊಂಡೆ. ಆ ಹೊತ್ತಿಗೆ ಹೊಳೀಲಿಲ್ಲ, ಅಷ್ಟಾ."

ನನ್ನ ಉತ್ತರಕ್ಕೆ ಆಗಲೇ ನಂಬರ್ ಬಿದ್ದಿತ್ತು.

ಸೋಮವಾರ ಬರುವ ಸಾಹೇಬರು ಕೂಲಿ ಆಳುಗಳನ್ನೂ ಕರೆದು ಕೇಳುತ್ತಾರಾ ಎಂದ. ಕೇಳುತ್ತಾರೆ, ಒಬ್ಬೊಬ್ಬರನ್ನೇ ಕೇಳಿ ಬರೆದುಕೊಳ್ಳುತ್ತಾರೆ ಎಂದೆ. ತಾನು ಹೇಳಿದ್ದನ್ನೇ ಬರೆದುಕೊಳ್ಳುತ್ತಾರಾ ಎಂದ. ಬರೆದದ್ದನ್ನು ಓದಿ ಹೇಳುವಂತೆ ಕೇಳು, ಆಮೇಲೆ ಹೆಬ್ಬೆಟ್ಟು ಒತ್ತು ಎಂದೆ.

"ಸಹಿ ಮಾಡ್ತೀನ್ರಿ," ಎಂದ, ಸ್ವಲ್ಪ ಬಿರುಸಾಗಿ. "ಸಹಿ ಬರ್ತೈತಿ ನನಗ."

ಅಂಗಡಿಯವನು ಎರಡು ಚಾ ತಂದಿಟ್ಟ. ಈ ಸಲ ಅವನು ಕುಡಿದ. ಲೋಟ ಇಟ್ಟು ಎದ್ದು, ಎರಡನೇ ಎಲಿವೇಟರ್ ನೋಡಿಕೊಳ್ಳಬೇಕು ಎಂದು ಒಳಗೆ ಹೋದ.